ಥ್ಯಾಂಕ್ಸ್ ಅಂದರೂ ಕಷ್ಟ, ಓಕೆ ಅಂದರೂ ಕಷ್ಟ

ಪುಣೆಯ ವಾಕಡ್‌ನಲ್ಲಿ ನಾವು ಕನ್ನಡದ ಹುಡುಗರು ಒಂದು ಫ್ಲ್ಯಾಟ್ ಮಾಡಿಕೊಂಡಿದ್ದೇವೆ. ಕೆಲಸ ಹಿಂಜವಡಿಯಲ್ಲಿ. ವಯಸ್ಸಲ್ಲಿ ನಾನೇ ದೊಡ್ಡವನು ಅನ್ನೋ ಕಾರಣಕ್ಕೆ ಎಲ್ಲರ ಇಂಗ್ಲಿಷ್ ಮೇಲ್‌ಗೂ ನಾನೇ ಜೋಯಿಸ. ಕ್ಯಾಲಿಫೋರ್ನಿಯಾದವರು ಆಫೀಸಿಗೆ ಬರುವಾಗ ನಮಗೆ ರಾತ್ರಿ ಹತ್ತು. ಊಟದ ತಟ್ಟೆ ಮುಂದೆ ಇರುತ್ತದೆ, ಯಾರೋ ಒಬ್ಬ ಫೋನ್ ಹಿಡಿದು ಬಂದು ನಿಲ್ಲುತ್ತಾನೆ. "ಅಣ್ಣಾ, ಇದ್ರಾಗ ಬೈದಾರೇನು ನೋಡ್ರಿ."

ಮೊನ್ನೆ ಗದಗಿನ ಹುಡುಗನ ಸರದಿ. ಅವನು ಮೂರು ಪ್ಯಾರಾ ವಿವರಣೆ ಕಳಿಸಿದ್ದಕ್ಕೆ ಅಲ್ಲಿನ ಮೇಡಂ ಉತ್ತರ ಒಂದೇ ಸಾಲು. ಓಕೆ, ಅಪ್‌ಡೇಟೆಡ್ ಫೈಲ್ ಕಳಿಸಿ, ಥ್ಯಾಂಕ್ಸ್. ಅಪ್‌ಡೇಟೆಡ್ ಅನ್ನೋದು ಪೂರ್ತಿ ಕ್ಯಾಪಿಟಲ್. ಥ್ಯಾಂಕ್ಸ್ ಮುಂದೆ ಒಂದು '!'. ಅಷ್ಟಕ್ಕೇ ಇವನ ಮುಖ ಇಷ್ಟಾಗಿದೆ.

ಇವನ ಲೆಕ್ಕ ಹೀಗೆ. ಓಕೆ ಅಂದರೆ ಮಾತು ಮುರಿದರು. ಕ್ಯಾಪಿಟಲ್ ಅಂದರೆ ಕಿರುಚಿದರು. '!' ಅಂದರೆ ವ್ಯಂಗ್ಯ. ತಪ್ಪು ಅವನದ್ದೂ ಅಲ್ಲ ಬಿಡಿ. ನಮಗೆ ಶಾಲೆಯಲ್ಲಿ ಅದನ್ನು ಆಶ್ಚರ್ಯಸೂಚಕ ಅಂತ ಕಲಿಸಿದರು, ಅಬ್ಬಾ, ಅಯ್ಯೋ ಮುಂದೆ ಹಾಕಿಸಿದರು. ಫೈಲ್ ಕಳಿಸಿದ್ದಕ್ಕೆ ಯಾರಾದರೂ ಆಶ್ಚರ್ಯಪಡುತ್ತಾರಾ? ಅಲ್ಲಿಯವರಿಗೆ ಅದು ಬರೀ ಒಂದು ನಗು. ಅದಿಲ್ಲದೆ ಥ್ಯಾಂಕ್ಸ್ ಬರೆದರೆ ಬಿಗುವಾಗಿ ಕಾಣುತ್ತದೆ ಅಂತಲೇ ಎಷ್ಟೋ ಜನ ಹಾಕುತ್ತಾರೆ. ಓಕೆ ವಿಷಯವೂ ಅಷ್ಟೇ. ನಾವು ಬರೀ ಆಯ್ತು ಅನ್ನುವವರಲ್ಲ. ಆಯ್ತು ರೀ, ಆಯ್ತಪ್ಪಾ, ಆಯ್ತಮ್ಮಾ ಅಂತ ಏನಾದರೂ ಅಂಟಿಸುತ್ತೇವೆ. ಓಕೆಗೆ ಅಂಟಿಸಲು ಏನೂ ಇಲ್ಲ. ಎರಡು ಮೀಟಿಂಗ್ ನಡುವೆ ಫೋನಲ್ಲಿ ಟೈಪ್ ಮಾಡಿದ್ದು ಅದು.

ಇನ್ನು ಕ್ಯಾಪಿಟಲ್. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅನ್ನೋದೇ ಇಲ್ಲ. ಹಾಗಾಗಿ ಮೊದಮೊದಲು ನಮ್ಮವರೇ ಬ್ಯಾಂಕ್ ಫಾರಂ ತುಂಬಿದ ಹಾಗೆ ಇಡೀ ಮೇಲ್ ಕ್ಯಾಪ್ಸ್ ಲಾಕಲ್ಲಿ ಬರೆದು ಕಳಿಸುತ್ತಾರೆ. ಅದು ಕಿರುಚಾಟ ಅಂತ ಯಾರೋ ಹೇಳಿದ ಮೇಲೆ ಒಂದು ಪದ ಕಂಡರೂ ಬೆಚ್ಚುತ್ತಾರೆ. ಇಡೀ ಮೇಲ್ ಹಾಗಿದ್ದರೆ ಕಿರುಚಾಟ, ಸರಿ. ಒಂದೇ ಪದ ಇದ್ದರೆ ಅಡಿಗೆರೆ ಎಳೆದ ಹಾಗೆ ಅಷ್ಟೇ. ಹಳೇ ಫೈಲ್ ಮತ್ತೆ ಕಳಿಸಬೇಡ ಮಾರಾಯ ಅಂತ!

ಇಷ್ಟು ಬಿಡಿಸಿ ಹೇಳುವಷ್ಟರಲ್ಲಿ ಇವನು ನಾಲ್ಕು ಸಲ ಸಾರಿ ಬರೆದು ಕಳಿಸಿಯೂ ಆಗಿತ್ತು. ಅವರು ಪಾಪ ನೋ ವರೀಸ್ ಅಂದರು, ಮುಂದೆ ಮತ್ತೊಂದು '!'. ಇವನು ಮತ್ತೆ ನನ್ನ ಬಾಗಿಲಿಗೆ.

ನನಗೆ ನಿಜವಾಗಿ ತಲೆ ಕೆಟ್ಟಿದ್ದು ಮರುದಿನ. ಇದೇ ಹುಡುಗ ಬೇರೆ ಕ್ಲೈಂಟಿನ ಮೇಲ್ ತೋರಿಸಿದ. 'ಆಸ್ ಪರ್ ಮೈ ಲಾಸ್ಟ್ ಈಮೇಲ್' ಅಂತ ಶುರು, ಉದ್ದುದ್ದ ವಾಕ್ಯ, ಒಂದೂ '!' ಇಲ್ಲ, ಸಿಸಿಯಲ್ಲಿ ಇವನ ಮ್ಯಾನೇಜರ್. ಸಿಟ್ಟು ಅಂದರೆ ಅದು! ಇವನು ಆರಾಮಾಗಿ ಚಪಾತಿ ಮುರಿಯುತ್ತಾ ಹೇಳುತ್ತಾನೆ, "ಇವ್ರು ನೋಡ್ರಿ ಅಣ್ಣಾ, ಎಷ್ಟ್ ಮರ್ಯಾದೀಲೆ ಬರೀತಾರ. ನಾಳೆ ನೋಡಿದ್ರಾತು."