ಹೊಸಬರ ಕೈಗೆ ಪದದ ಪುಸ್ತಕ ಕೊಡಬೇಡಿ

ನಮ್ಮ ಬಾಗಲಕೋಟೆ ನವನಗರದ ಓಣಿಯ ಗುಡಿಯಲ್ಲಿ ಪ್ರತಿ ಸೋಮವಾರ ರಾತ್ರಿ ಭಜನಿ ಇರುತ್ತದೆ. ಪೇಟಿ, ತಬಲಾ, ನಾಲ್ಕು ಜೊತೆ ತಾಳ, ಒಂದು ದಮ್ಮಡಿ, ಅಷ್ಟೇ. ಈಚೆಗೆ ಮೇಳದವರು ಒಂದು ರೂಢಿ ಹಚ್ಚಿಕೊಂಡಿದ್ದಾರೆ. ಯಾರಾದರೂ ಹೊಸಬರು ಬಂದು ಕುಳಿತರೆ ತಕ್ಷಣ ಕೈಗೆ ಪದದ ಪುಸ್ತಕ ಕೊಡುವುದು, ಇಲ್ಲವಾದರೆ ಮೊಬೈಲಿಗೆ ಪದ ಕಳಿಸುವುದು. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಇದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ, ಯಾಕೆ ಅಂತ ಹೇಳುತ್ತೇನೆ.

ಹೋದ ಶ್ರಾವಣದಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದ ಅಕ್ಕ ಒಬ್ಬರು ಗುಡಿಗೆ ಬಂದರು. ಮನೆಮಾತು ತೆಲುಗು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಪುಸ್ತಕ ಕೊಟ್ಟಿದ್ದರೂ ಉಪಯೋಗ ಇರಲಿಲ್ಲ. ಮುಂದೆ ಹಾಡುವ ಕಾಕಾ ಆ ಅಕ್ಕನ ಕಡೆ ನೋಡಿ, "ತಂಗಿ, ನಾ ಅಂದದ್ದು ಹಿಂದ ಅನ್ನು, ಸಾಕು" ಅಂದರು. ನಾವೇ ಕಟ್ಟಿಕೊಂಡ ಒಂದು ಪದ ಎತ್ತಿಕೊಂಡರು: "ನಡಿಯೋ ಗುರುವಿನ ಮನಿಗೆ, ಹೊತ್ತಾಯ್ತು ನಡಿಯೋ." ಇದು ಪಲ್ಲ.

ಈಗ ಲೆಕ್ಕ ನೋಡಿ. ಶುರುವಿನಲ್ಲಿ ಕಾಕಾ ಪಲ್ಲವನ್ನು ಎರಡು ಸಲ ಹೇಳುತ್ತಾರೆ, ಪ್ರತಿ ಸಲವೂ ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಆಮೇಲೆ ಐದು ನುಡಿ. ಒಂದೊಂದು ನುಡಿ ಮುಗಿದಾಗಲೂ ಕಾಕಾ ಒಮ್ಮೆ ಪಲ್ಲಕ್ಕೆ ಬರುತ್ತಾರೆ, ನಾವು ಒಮ್ಮೆ. ಅಂದರೆ ಒಂದೇ ಪದದಲ್ಲಿ ಆ ಸಾಲು 14 ಸಲ ಕಿವಿಗೆ ಬೀಳುತ್ತದೆ, ಅದರಲ್ಲಿ ಏಳು ಸಲ ಹೊಸಬರ ಬಾಯಿಗೂ ಸರದಿ ಬರುತ್ತದೆ. ನುಡಿ ಗೊತ್ತಿರಬೇಕಾದ್ದು ಕಾಕಾಗೆ ಮಾತ್ರ.

ನಾನು ಆ ಅಕ್ಕನ ಪಕ್ಕದಲ್ಲೇ ಕುಳಿತಿದ್ದೆ. ಮೊದಲ ಸಲ ಬರೀ ಚಪ್ಪಾಳೆ. ಎರಡನೇ ಸಲ ಕೊನೆಯ "ನಡಿಯೋ" ಒಂದೇ ಬಂತು. ಎರಡು ನುಡಿ ಕಳೆಯುವ ಹೊತ್ತಿಗೆ "ಹೊತ್ತಾಯ್ತು ನಡಿಯೋ" ಬಂತು. ನಾಲ್ಕನೇ ನುಡಿ ಮುಗಿದಾಗ ಇಡೀ ಸಾಲು! ಗಮನಿಸಿ, ಪದ ಅವರಿಗೆ ಬಾಲದಿಂದ ತಲೆಯ ಕಡೆಗೆ ಬಂತು. ನಾನು ನೋಡಿದ ಹೊಸಬರಲ್ಲಿ ಬಹಳ ಜನರಿಗೆ ಹೀಗೇ ಆಗುತ್ತದೆ. ಸಾಲಿನ ಕೊನೆ ಕಿವಿಯಲ್ಲಿ ಇನ್ನೂ ಬಿಸಿಯಾಗಿರುತ್ತದೆ ಅಲ್ವಾ, ಅದಕ್ಕೇ ಮೊದಲು ಅದು ಸಿಗುತ್ತದೆ. ಪುಸ್ತಕ ಹಿಡಿದವರು ಮಾತ್ರ ತಲೆಯಿಂದ ಶುರು ಮಾಡುತ್ತಾರೆ, ಸಾಲು ಹುಡುಕುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ, ಕಣ್ಣು ಕೆಳಗಿರುವುದರಿಂದ ಕಾಕಾನ ಮುಖವೂ ಕಾಣುವುದಿಲ್ಲ.

ಮುಖ ಕಾಣಲೇಬೇಕು. ಯಾಕೆಂದರೆ ಕಾಕಾ ತನ್ನ ಸಾಲು ಮುಗಿಸಿ ಸುಮ್ನೆ ಕೂರುವುದಿಲ್ಲ. ನಮ್ಮ ಸರದಿಯ ಮೊದಲ ಮಾತು "ನಡಿಯೋ" ಅನ್ನುವುದನ್ನು ನಮ್ಮ ಜೊತೆಗೇ ಎತ್ತಿಕೊಟ್ಟು, ಕತ್ತು ಆಡಿಸಿ, ಆಮೇಲೆ ದನಿ ಬಿಡುತ್ತಾರೆ. ಎಲ್ಲಿ ಹಿಡಿಯಬೇಕು ಅನ್ನುವ ಹೊಸಬರ ಹೆದರಿಕೆ ಅಲ್ಲೇ ಹೋಗುತ್ತದೆ.

ಇದು ಕೆಡುವುದನ್ನೂ ನೋಡಿದ್ದೇನೆ. ಒಂದು ಸೋಮವಾರ ಬೇರೆಯವರು ಮುಂದೆ ಕುಳಿತಿದ್ದರು, ಬಹಳ ಒಳ್ಳೆಯ ಕಂಠ. ಆದರೆ ಪಲ್ಲವನ್ನು ಒಂದೊಂದು ಸಲ ಒಂದೊಂದು ರೀತಿ ತಿರುವಿ ಹಾಡಿದರು, ಶ್ರುತಿಯನ್ನೂ ಮೇಲಕ್ಕೆ, ಪೇಟಿಯ ಕಪ್ಪು ನಾಲ್ಕಕ್ಕೆ ಇಟ್ಟುಕೊಂಡಿದ್ದರು. ಹಳಬರು ತಮಗೆ ಗೊತ್ತಿದ್ದ ಧಾಟಿಯಲ್ಲಿ ಹೇಳಿದರು, ಹೊಸಬರು ಯಾವುದನ್ನು ಹಿಡಿಯಬೇಕು ಅಂತ ತಿಳಿಯದೆ ಬಾಯಿ ಮುಚ್ಚಿದರು. ಮುಂದಿನ ವಾರ ಕಾಕಾ ಅದೇ ಪದವನ್ನು ಕಪ್ಪು ಎರಡಕ್ಕೆ ಇಳಿಸಿ, ಪಲ್ಲವನ್ನು ಪ್ರತಿ ಸಲವೂ ಒಂದೇ ಥರ ಹೇಳಿದರು. ತಿರುವು ಏನಿದ್ದರೂ ನುಡಿಯಲ್ಲಿ ಮಾತ್ರ. ಗುಡಿ ತುಂಬಾ ದನಿ ಬಂತು.

ಮುಂದೆ ಕೂರುವವರಿಗೆ ಒಂದು ಮಾತು, ಹಿಂದಿನ ದನಿಯನ್ನು ಕಿವಿಗೊಟ್ಟು ಕೇಳಿ. ಸಾಲಿನ ಕೊನೆ ತುಂಬಿ ಬಂದು ಶುರು ತೆಳ್ಳಗಿದ್ದರೆ ಹೊಸಬರು ಇನ್ನೂ ಹಿಡಿಯುತ್ತಿದ್ದಾರೆ ಅಂತ ಅರ್ಥ, ಪಲ್ಲವನ್ನು ಇನ್ನೊಂದು ಸಲ ಹೇಳಿ. ಕೊನೆಯೂ ತೆಳ್ಳಗಿದ್ದರೆ ಸಾಲು ಉದ್ದವಾಗಿದೆ ಅಥವಾ ಶ್ರುತಿ ಮೇಲಿದೆ. ಮೈಕು ನಿಮ್ಮೊಬ್ಬರ ಮುಂದೆ ಮಾತ್ರ ಇದ್ದರೆ ಇದು ನಿಮಗೆ ಕೇಳುವುದೇ ಇಲ್ಲ. ಸಣ್ಣ ಗುಡಿಗೆ ಮೈಕು ಯಾಕೆ ಬೇಕು?

ಹೀಗೆ ಕಲಿತವರಿಗೆ ಅರ್ಥ ತಾನಾಗಿ ಬರುವುದಿಲ್ಲ, ಅದನ್ನು ಒಪ್ಪುತ್ತೇನೆ. ಆ ಅಕ್ಕ ಮೂರು ವಾರ "ಹೊತ್ತಾಯ್ತು" ಅನ್ನುವುದನ್ನು "ಒತ್ತಾಯ" ಅಂತಲೇ ಹೇಳುತ್ತಿದ್ದರು, ಗುಂಪಿನ ದನಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಪುಸ್ತಕದ ಕೆಲಸ ಇರುವುದು ಇಲ್ಲಿ, ದನಿ ಕೂಡಿದ ಮೇಲೆ. ನಾನೇ ಭಜನಿ ಮುಗಿದ ಮೇಲೆ ಸಾಲು ಓದಿ ಅರ್ಥ ಹೇಳಿದೆ.

ನುಡಿಯೂ ಹಾಗೇ, ಬರೀ ಹಿಂದೆ ಹೇಳಿದರೆ ಬರುವುದಿಲ್ಲ. ಈಗ ಕಾಕಾ ಆ ಅಕ್ಕನಿಗೆ ಮೊದಲ ನುಡಿ ಬಿಟ್ಟುಕೊಡುತ್ತಾರೆ. ಮೊದಲ ಸಾಲು ಸರಾಗ, ಎರಡನೆಯದಕ್ಕೆ ತಡವರಿಸುತ್ತಾರೆ. ಆಗ ಕಾಕಾ ತಾಳ ನಿಲ್ಲಿಸದೆ ಮೆಲ್ಲಗೆ ಮೊದಲ ಅಕ್ಷರ ಕೊಡುತ್ತಾರೆ, ಅಕ್ಕ ಅಲ್ಲಿಂದ ಎತ್ತಿಕೊಳ್ಳುತ್ತಾರೆ, ನಾವು ಹಿಂದಿನವರು ಪಲ್ಲಕ್ಕೆ ಕಾಯುತ್ತಾ ಕೂರುತ್ತೇವೆ.