ಗೋಡೆ ಮುಟ್ಟದೆ ಹೆಸರು ಬದಲಿಸಿ ಅಂತೆ!

'ಬರೀ ಕೋಣೆಗಳ ಹೆಸರು ಬದಲಿಸೋದು ತಾನೇ, ಐದು ನಿಮಿಷದ ಕೆಲಸ' ಅಂತ ವಾಟ್ಸಾಪಲ್ಲಿ ಮನೆ ಪ್ಲಾನ್ ಕಳಿಸ್ತಾರೆ. ಪ್ಲಾನ್ ಬರೆದ ಮೂಲ ಕ್ಯಾಡ್ ಫೈಲ್ ಕೇಳಿದ್ರೆ ಇಲ್ಲ. ಇರೋದು ನಾಲ್ಕು ಕೈ ದಾಟಿ ಬಂದ ಜೆಪಿಇಜಿ.

ನಿನ್ನೆ 30x40 ಸೈಟಿನ ಮನೆ. ಅಡುಗೆಮನೆ, ಬೆಡ್‌ರೂಮ್ ಅದಲುಬದಲಾಗ್ಬೇಕಂತೆ. ಇಂಗ್ಲಿಷಲ್ಲಿ ಬೆಡ್‌ರೂಮ್ ಅನ್ನೋ ಪದದ ಕೊನೆಯ ಎಂ ಗೋಡೆಗೇ ಅಂಟಿಕೊಂಡಿತ್ತು. ಎರೇಸರ್ ಆಡಿಸಿದೆ, ಗೋಡೆಯಲ್ಲಿ ಕಿಟಕಿಯಷ್ಟು ತೂತು! ಬಿಳಿ ಬಳಿದ್ರೆ ಅದೂ ತೇಪೆ, ಯಾಕಂದ್ರೆ ಹಿನ್ನೆಲೆ ಅಚ್ಚ ಬಿಳಿಯಲ್ಲ, ಗೆರೆ ಪಕ್ಕದಲ್ಲೆಲ್ಲ ಕಂಪ್ರೆಷನ್ನಿನ ಬೂದು ಧೂಳು.

ಕೊನೆಗೆ 400% ಜೂಮ್ ಮಾಡಿ, ಗೋಡೆಯಿಂದ ಮೂರ್ನಾಲ್ಕು ಪಿಕ್ಸೆಲ್ ಒಳಗೇ ಚೌಕ ಸೆಲೆಕ್ಷನ್ ಹಾಕಿ, ಅಲ್ಲಿಯದೇ ಬಣ್ಣ ಎತ್ತಿ ತುಂಬಿದೆ. ಗೋಡೆಗೆ ಅಂಟಿದ್ದ ಎಂ ಕಾಲಿನ ಮೇಲೆ ಅದೇ ಗೋಡೆಯ ಚೆನ್ನಾಗಿರೋ ತುಂಡನ್ನ ಕಾಪಿ ಮಾಡಿ ಮುಚ್ಚಿದೆ. ಹೊಸ ಹೆಸರುಗಳು ಬೇರೆ ಲೇಯರಲ್ಲಿ. ಸೇವ್ ಮಾಡಿದ್ದು ಪಿಎನ್‌ಜಿ, ಇನ್ನೊಂದು ಸಲ ಜೆಪಿಇಜಿ ಮಾಡಿದ್ರೆ ಧೂಳು ಇನ್ನೂ ಜಾಸ್ತಿ.

ಕಳಿಸಿದ ಮೇಲೆ ಫೋನು: 'ಹೆಸರಿನ ಜೊತೆ ಅಳತೆನೂ ಹೋಗ್ಬೇಕಲ್ವಾ?' ಅಯ್ಯೋ ಸ್ವಾಮಿ, 10'x12' ಅನ್ನೋದು ಬೆಡ್‌ರೂಮಿನದಲ್ಲ, ಆ ನಾಲ್ಕು ಗೋಡೆಯದು! ಅಡುಗೆಮನೆ ಇದ್ದ 8'x10' ಜಾಗದಲ್ಲಿ ಅದನ್ನ ಬರೆದ್ರೆ, ನಾಳೆ ಮಂಚ ತಂದವರು ನನ್ನನ್ನೇ ಬೈತಾರೆ. ಇಷ್ಟು ಹೇಳೋಕೆ ಇಪ್ಪತ್ತು ನಿಮಿಷ ಹಿಡೀತು.

ಈಗ ಮತ್ತೊಂದು ಮೆಸೇಜ್: 'ದೇವರಮನೆ ಅನ್ನೋದನ್ನ ಸ್ವಲ್ಪ ದೊಡ್ಡಕ್ಷರದಲ್ಲಿ ಹಾಕಿ.' ಆ ಕೋಣೆಯೇ ನಾಲ್ಕಡಿ ಕಣ್ರೀ!