ಸಾಲವೆಂದು ಒಪ್ಪದ ಸಾಲ

ಆಗಸ್ಟ್ ಬಂತೆಂದರೆ ಷೇರುದಾರರ ಇಮೇಲಿಗೆ ವಾರ್ಷಿಕ ವರದಿಗಳ ಸುಗ್ಗಿ. ಮಹಾಸಭೆಗೆ ಕನಿಷ್ಠ 21 ದಿನ ಮೊದಲು ಲೆಕ್ಕಪತ್ರ ಕಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಓದಿ ಅರ್ಥವಾಗಲು ಎಷ್ಟು ದಿನ ಬೇಕೆಂದು ಹೇಳುವುದಿಲ್ಲ. ಮೊದಲ ಎಂಬತ್ತು ಪುಟ ಅಧ್ಯಕ್ಷರ ಮುಗುಳ್ನಗೆ, ಸಸಿ ನೆಡುವ ಚಿತ್ರ, ಮೇಲೇರುವ ಬಾಣ. ಟಿಪ್ಪಣಿಗಳ ಸರದಿ ಬರುವ ಹೊತ್ತಿಗೆ ಬಣ್ಣ ಮುಗಿದಿರುತ್ತದೆ, ಅಕ್ಷರ ಸಾಸಿವೆಯ ಗಾತ್ರಕ್ಕೆ ಇಳಿದಿರುತ್ತದೆ.

ಇದು ಜನಸಾಮಾನ್ಯರಿಗೆ ಅರ್ಥವಾಗುವುದಿಲ್ಲ ಎಂಬ ದೂರು ಹಳೆಯದು. ಈಗ ಕಂಪನಿಗಳು ಮನಸ್ಸು ಕರಗಿ ‘ಸರಳ ಆವೃತ್ತಿ’ ತರುತ್ತಿವೆ. ಸರಳ ಮಾಡುವ ವಿಧಾನವೂ ಬಲು ಸರಳ: ಕಷ್ಟವಾದದ್ದನ್ನು ತೆಗೆದುಬಿಡುವುದು.

ಒಂದು ಕಾಲ್ಪನಿಕ ಸಿಮೆಂಟ್ ಕಂಪನಿಯನ್ನು ತೆಗೆದುಕೊಳ್ಳೋಣ. ವರ್ಷದ ಲಾಭ 70 ಕೋಟಿ ರೂಪಾಯಿ. ಟಿಪ್ಪಣಿ 41ರಲ್ಲಿ ಒಂದು ಸಾಲು: ‘ಸಾಲವೆಂದು ಒಪ್ಪಿಕೊಳ್ಳದ, ಕಂಪನಿಯ ಮೇಲಿನ ಕ್ಲೇಮುಗಳು: ಪರೋಕ್ಷ ತೆರಿಗೆ 87.60 ಕೋಟಿ’. ಕೆಳಗೆ ಎಲ್ಲ ಕಂಪನಿಗಳೂ ಬಾಯಿಪಾಠ ಮಾಡಿಕೊಂಡಿರುವ ಮಂತ್ರ: ಸಲಹೆಗಾರರ ಅಭಿಪ್ರಾಯದ ಮೇರೆಗೆ, ಇದರಿಂದ ಕಂಪನಿಯ ಹಣಕಾಸು ಸ್ಥಿತಿಗೆ ಗಣನೀಯ ಧಕ್ಕೆಯಾಗದೆಂದು ಆಡಳಿತ ಮಂಡಳಿ ನಂಬಿದೆ. ಪ್ರಚಾರ ವಿಭಾಗ ಇದನ್ನು ಇನ್ನಷ್ಟು ಸರಳಗೊಳಿಸಿತು: ‘ಕೆಲವು ತೆರಿಗೆ ವಿಚಾರಗಳು ಪರಿಶೀಲನೆಯಲ್ಲಿವೆ. ಚಿಂತೆ ಬೇಡ.’ ಪಕ್ಕದಲ್ಲಿ ಹೆಬ್ಬೆರಳೆತ್ತಿದ ಗೊಂಬೆ.

ಗೊಂಬೆ ಮುಚ್ಚಿಟ್ಟದ್ದು ಮೊದಲನೆಯದಾಗಿ ವಿಂಗಡಣೆಯನ್ನು. ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 37 ಇಂಥ ವ್ಯಾಜ್ಯಗಳನ್ನು ಮೂರು ಬುಟ್ಟಿಗೆ ಹಾಕುತ್ತದೆ. ಹಣ ಕೊಡಬೇಕಾಗಿ ಬರುವ ಸಂಭವವೇ ಹೆಚ್ಚು, ಮೊತ್ತವನ್ನೂ ಅಂದಾಜು ಮಾಡಬಹುದು ಎಂದಾದರೆ ಪ್ರಾವಿಷನ್ ಮಾಡಬೇಕು, ಅಂದರೆ ಆ ಹೊರೆಯನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಕು. ಅದು ಅದೇ ವರ್ಷದ ಲಾಭದಲ್ಲಿ ಕಳೆಯುತ್ತದೆ. ಕೊಡಬೇಕಾಗಿ ಬಂದರೂ ಬರಬಹುದು ಎನ್ನುವಷ್ಟಿದ್ದರೆ ಟಿಪ್ಪಣಿಯಲ್ಲಿ ಹೇಳಿದರೆ ಸಾಕು, ಲಾಭ ಕದಲುವುದಿಲ್ಲ. ಅದೆಲ್ಲ ದೂರದ ಮಾತು ಎಂದಾದರೆ ಟಿಪ್ಪಣಿಯೂ ಬೇಡ. ಸರಳಗೊಳಿಸುವವರು ಮೊದಲ ಎರಡು ಬುಟ್ಟಿಗೂ ‘ಸಾಧ್ಯತೆ ಇದೆ’ ಎಂಬ ಒಂದೇ ಚೀಟಿ ಅಂಟಿಸುತ್ತಾರೆ. ಅಲ್ಲಿಗೆ 87.60 ಕೋಟಿ ಲಾಭದಲ್ಲಿ ಕಳೆದಿದೆಯೋ ಇಲ್ಲವೋ ಎಂಬುದೇ ಓದುವವನಿಗೆ ತಿಳಿಯದು. ಇನ್ನು ಕೆಲವರು ಹೆಚ್ಚು ಸ್ಪಷ್ಟವಾಗಲಿ ಎಂದು ‘ದೂರದ ಮಾತು ಅಂದರೆ ಶೇ 5ರೊಳಗೆ’ ಎಂದು ಬರೆಯುತ್ತಾರೆ. ಮಾನದಂಡದಲ್ಲಿ ಹಾಗೊಂದು ಅಂಕಿಯೇ ಇಲ್ಲ. ‘ಸಂಭವವೇ ಹೆಚ್ಚು’ ಎಂಬುದಕ್ಕೆ ಮಾತ್ರ, ಆಗದಿರುವುದಕ್ಕಿಂತ ಆಗುವ ಸಂಭವ ಜಾಸ್ತಿ ಎಂಬ ಗೆರೆ ಇದೆ. (ಸರ್ಕಾರಿ ಕನ್ನಡದಲ್ಲಿ ಇಂಥ ಅನಿಶ್ಚಿತ ಬಾಬತ್ತಿಗೆ ‘ಸಾದಿಲ್ವಾರು’ ಎಂಬ ಗಟ್ಟಿ ಪದವಿದೆ. ಅದನ್ನು ಬಳಸಿದರೆ ಸರಳ ಆವೃತ್ತಿಗೆ ಇನ್ನೊಂದು ಸರಳ ಆವೃತ್ತಿ ಬೇಕಾದೀತು.)

ಇನ್ನು ಮೊತ್ತ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ತಪ್ಪಾಗಿ ಪಡೆದಿದ್ದೀರಿ ಎಂದು ಇಲಾಖೆ ಕೇಳಿದ ಜಿಎಸ್‌ಟಿ 60 ಕೋಟಿ. ಶೇ 18ರಂತೆ ಎರಡು ವರ್ಷದ ಬಡ್ಡಿ 21.60 ಕೋಟಿ. ಶೇ 10ರ ದಂಡ 6 ಕೋಟಿ. ಕೂಡಿದರೆ 87.60. ಅಪೀಲು ಹಾಕುವಾಗ ವಿವಾದಿತ ತೆರಿಗೆಯ ಶೇ 10, ಅಂದರೆ 6 ಕೋಟಿ, ಮುಂಗಡ ಕಟ್ಟಿದ್ದಾಗಿದೆ.

ತಮಾಷೆ ಇರುವುದು ಈ 6 ಕೋಟಿಯಲ್ಲಿ. ಅದು ಖರ್ಚಿಗೆ ಹೋಗಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ‘ಇತರ ಆಸ್ತಿ’ ಎಂಬ ಸಾಲಿನೊಳಗೆ, ಗೆದ್ದರೆ ವಾಪಸ್ ಬರುವ ಹಣವಾಗಿ ಕಾಲು ಚಾಚಿ ಕುಳಿತಿದೆ. ಕೇಸು ಸೋತರೆ ಕೈಯಿಂದ ಇನ್ನು ಹೋಗುವ ನಗದು 81.60 ಕೋಟಿ, ಆದರೆ ಲಾಭಕ್ಕೆ ಬೀಳುವ ಹೊಡೆತ ಪೂರ್ತಿ 87.60 ಕೋಟಿ, ಏಕೆಂದರೆ ಆಸ್ತಿ ಎಂದುಕೊಂಡಿದ್ದ 6 ಕೋಟಿಯೂ ಅಂದೇ ಕರಗುತ್ತದೆ. ‘ಹೇಗೂ 6 ಕೋಟಿ ಕಟ್ಟಿಯಾಗಿದೆ, ಉಳಿದದ್ದಷ್ಟೇ ಅಪಾಯ’ ಎಂಬ ಸರಳೀಕರಣ ಇಲ್ಲಿಯೇ ಎಡವುತ್ತದೆ. ಅಲ್ಲದೆ ಕಟ್ಟದೆ ಉಳಿದ 54 ಕೋಟಿ ತೆರಿಗೆಯ ಮೇಲೆ ವರ್ಷಕ್ಕೆ ಸುಮಾರು 9.7 ಕೋಟಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಟಿಪ್ಪಣಿಯ ಅಂಕಿ ಮಾತ್ರ ಡಿಮ್ಯಾಂಡ್ ನೋಟಿಸು ಬಂದ ದಿನಕ್ಕೇ ನಿಂತ ಗಡಿಯಾರ.

ಲೆಕ್ಕ ತಾಳೆ ನೋಡಲು ದಾರಿಯೊಂದಿದೆ. ಆಡಿಟರ್ ವರದಿಯ ಅನುಬಂಧಕ್ಕೆ, ಅಂದರೆ ಆಡಿಟರ್ ಯಾವ ಯಾವ ವಿಷಯ ಹೇಳಲೇಬೇಕೆಂದು ವಿಧಿಸುವ 2020ರ ಕ್ಯಾರೋ ಆದೇಶದಡಿ ಕೊಡುವ ಪಟ್ಟಿಗೆ ಹೋಗಿ. ಏಳನೇ ಬಾಬಿನಲ್ಲಿ ವಿವಾದದಲ್ಲಿರುವ ತೆರಿಗೆ ಬಾಕಿಗಳ ಮೊತ್ತ ಎಷ್ಟು, ಯಾವ ಪ್ರಾಧಿಕಾರದ ಮುಂದೆ ಇದೆ ಎಂದು ಬರೆದಿರುತ್ತದೆ. ಅಲ್ಲಿ 81.60, ಟಿಪ್ಪಣಿಯಲ್ಲಿ 87.60 ಎಂದಿದ್ದರೆ ಗಾಬರಿ ಬೇಡ. ವ್ಯತ್ಯಾಸ ಕಟ್ಟಿದ ಮುಂಗಡದ್ದು. ಅನುಬಂಧದಲ್ಲಿರುವ ಕೇಸಿನ ಸುಳಿವೇ ಟಿಪ್ಪಣಿಯಲ್ಲಿ ಇಲ್ಲದಿದ್ದರೆ, ಪ್ರಾವಿಷನ್ ಮಾಡಿದ್ದಾರೆಯೇ ಅಥವಾ ದೂರದ ಮಾತೆಂದು ಬದಿಗಿಟ್ಟಿದ್ದಾರೆಯೇ ಎಂದು ಮಹಾಸಭೆಯಲ್ಲಿ ಕೇಳಬಹುದು. ಕಾಫಿ ಕೊಡುವ ಮೊದಲೇ ಕೇಳುವುದು ಒಳ್ಳೆಯದು.

ಲೆಕ್ಕಪತ್ರ ನೀತಿಗಳದ್ದು ಬೇರೆಯೇ ನಾಟಕ. 2023ರ ಏಪ್ರಿಲ್ 1ರಿಂದ, ಎಲ್ಲ ನೀತಿಗಳನ್ನೂ ಹೊತ್ತು ತರಬೇಡಿ, ಓದುವವನ ನಿರ್ಧಾರಕ್ಕೆ ಬೇಕಾದ ಮಾಹಿತಿಯನ್ನಷ್ಟೇ ಹೇಳಿ ಎಂದು ನಿಯಮ ತಿದ್ದಲಾಯಿತು. ಹಲವು ಕಡೆ ಶೀರ್ಷಿಕೆಯ ಒಂದು ಪದ ಬದಲಾಯಿತು. ಅಂಗಡಿಯ ಬೋರ್ಡು ಹೊಸದು, ಸರಕು ಹಳೆಯದು. ಇಪ್ಪತ್ತು ಪುಟ ಈಗಲೂ ಮಾನದಂಡದ ನಕಲು: ‘ವಾಗ್ದಾನಿತ ಸರಕಿನ ನಿಯಂತ್ರಣ ಗ್ರಾಹಕರಿಗೆ ವರ್ಗಾವಣೆಯಾದಾಗ ಆದಾಯವನ್ನು ಗುರುತಿಸಲಾಗುತ್ತದೆ.’ ಗೊಂಬೆ ಇದನ್ನು ‘ಮಾರಿ ಹಣ ಬಂದಾಗ ಆದಾಯ’ ಮಾಡಿತು. ಸರಳವೇನೋ ಹೌದು, ಸುಳ್ಳು ಕೂಡ. ಉದ್ದರಿಗೆ ಕೊಟ್ಟ ಮೂಟೆಯೂ ಮಾರಾಟವೇ.

ಸಿಮೆಂಟಿನವರು ಬರೆಯಬೇಕಾದದ್ದು ಹೀಗೆ: ‘ಡೀಲರ್ ತಾನೇ ಲಾರಿ ತಂದು ಒಯ್ದರೆ, ಲೋಡ್ ಆಗಿ ನಮ್ಮ ಗೇಟು ದಾಟಿದಾಗ ಮಾರಾಟ. ನಾವೇ ತಲುಪಿಸುವ ಕರಾರಿದ್ದರೆ ಅವರ ಗೋದಾಮಿನಲ್ಲಿ ಇಳಿಸಿ ಸಹಿ ಬಿದ್ದಾಗ. ಡೀಲರ್‌ಗೆ ಕೊಡಬೇಕಾದ ರಿಯಾಯಿತಿಯನ್ನು ಅಂದಾಜು ಮಾಡಿ ಮೊದಲೇ ಕಳೆದಿದ್ದೇವೆ.’ ಮಾರ್ಚ್ 31ರ ರಾತ್ರಿ 25 ಟನ್ ಹೊತ್ತ 400 ಲಾರಿಗಳು ರಸ್ತೆಯಲ್ಲಿವೆ ಎನ್ನಿ. ಟನ್ನಿಗೆ 5,000 ರೂಪಾಯಿಯಂತೆ 5 ಕೋಟಿ. ಅದು ಈ ವರ್ಷದ ಮಾರಾಟವೋ ಬರುವ ವರ್ಷದ್ದೋ ಎಂಬುದು ಇದರ ಮೊದಲ ಎರಡು ವಾಕ್ಯದ ಮೇಲೆ ನಿಂತಿದೆ.

ಟಿಪ್ಪಣಿ 41ನ್ನೂ ಹೀಗೆಯೇ ಬರೆಯಬಹುದಿತ್ತು: ‘ಜಿಎಸ್‌ಟಿ ಇಲಾಖೆ ನಮ್ಮಿಂದ 87.60 ಕೋಟಿ ಕೇಳಿದೆ: ತೆರಿಗೆ 60, ಬಡ್ಡಿ 21.60, ದಂಡ 6. ನಾವು ಒಪ್ಪಿಲ್ಲ, ಮೊದಲ ಅಪೀಲಿನಲ್ಲಿದೆ, ಯಾವಾಗ ಮುಗಿಯುವುದೋ ಹೇಳಲಾಗದು. ಸೋಲಿಗಿಂತ ಗೆಲುವಿನ ಸಂಭವ ಹೆಚ್ಚೆಂದು ನಮ್ಮ ಅಂದಾಜು, ಆದ್ದರಿಂದ ಲಾಭದಲ್ಲಿ ಏನನ್ನೂ ಕಳೆದಿಲ್ಲ. ಕಟ್ಟಿದ 6 ಕೋಟಿ ಆಸ್ತಿಯಲ್ಲಿದೆ. ನೋಟಿಸಿನ ನಂತರದ ಬಡ್ಡಿ ಈ ಮೊತ್ತದಲ್ಲಿ ಸೇರಿಲ್ಲ. ಬೇರೆ ಯಾರಿಂದಲೂ ಇದನ್ನು ವಸೂಲು ಮಾಡಲಾಗದು. ಸೋತರೆ ಈ ವರ್ಷದ ಲಾಭಕ್ಕಿಂತ ದೊಡ್ಡ ಮೊತ್ತ ಹೋಗುತ್ತದೆ.’

ಕರಡು ಕಾನೂನು ವಿಭಾಗಕ್ಕೆ ಹೋಯಿತು. ಇಷ್ಟು ಹೇಳಿದರೆ ಕೇಸಿಗೇ ತೊಂದರೆ, ಮಾಹಿತಿ ತಡೆಹಿಡಿಯಲು ಮಾನದಂಡದಲ್ಲೇ ಅವಕಾಶವಿದೆ ಎಂದು ಷರಾ ಬಂತು. ಅವಕಾಶ ಇರುವುದು ನಿಜ: ತೀರಾ ಅಪರೂಪದ ಸಂದರ್ಭಕ್ಕೆ. ಆಗಲೂ ವಿವಾದ ಯಾವ ಬಗೆಯದು, ಏಕೆ ತಡೆಹಿಡಿದಿದ್ದೇವೆ ಎಂದು ಬರೆಯಲೇಬೇಕು. ಇಲಾಖೆಯೇ ಕಳಿಸಿದ ನೋಟಿಸಿನ ಮೊತ್ತವನ್ನು ಇಲಾಖೆಯಿಂದ ಹೇಗೆ ಬಚ್ಚಿಡುವುದೆಂದು ಯಾರೂ ಕೇಳಲಿಲ್ಲ. ಕೊನೆಯ ವಾಕ್ಯ ಮೊದಲು ಹೋಯಿತು, ಆಮೇಲೆ ಬಡ್ಡಿ, ಆಮೇಲೆ ಆಸ್ತಿಯಲ್ಲಿದ್ದ 6 ಕೋಟಿ. ಮುದ್ರಣಕ್ಕೆ ಹೋದ ಪ್ರತಿಯಲ್ಲಿ ಉಳಿದದ್ದು ‘ಆಡಳಿತ ಮಂಡಳಿ ನಂಬಿದೆ’ ಮತ್ತು ಹೆಬ್ಬೆರಳು.